ಒಂದೇ ವಾಕ್ಯದೊಳಗಿನ ಎರಡು ಬೊಗಳು ತೆಗೆದಿದ್ದು ಹೇಗೆ – ನನ್ನ ಅನುಭವ

ಮಾತಿನ ಪಕ್ಕದಲ್ಲಿ ಅಲ್ಲ, ಮಾತಿನ ಮೇಲೇನೇ ನಾಯಿ ಬೊಗಳಿದ್ರೆ ಅದನ್ನ ತೆಗೆಯೋಕಾಗಲ್ಲ, ವಾಕ್ಯನೇ ಎತ್ತಿಬಿಡು ಅಂತ ನಮ್ಮ ಸೌಂಡ್ ಎಡಿಟಿಂಗ್ ಫೀಲ್ಡಲ್ಲಿ ಎಲ್ಲರೂ ಹೇಳ್ತಾರೆ. ತೆಗೆಯೋಕಾಗತ್ತೆ. ನಾನು ತೆಗೆದಿದೀನಿ, ಸ್ಕ್ರೀನಿಂಗ್‌ನಲ್ಲಿ ಕೂತವರಲ್ಲಿ ಒಬ್ಬರಿಗೂ ಅಲ್ಲೊಂದು ನಾಯಿ ಇತ್ತು ಅಂತ ಗೊತ್ತಾಗಲಿಲ್ಲ. ಆಗಲ್ಲ ಅಂದವರೇ ಈಗ ಫೋನ್ ಮಾಡಿ ಕೇಳ್ತಿರೋದ್ರಿಂದ ಒಂದ್ಸಲ ಬರೆದಿಡ್ತೀನಿ.

ಕೆಲಸ ಕೋಲಾರದ ಕಡೆ ಕೆರೆಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ. ಎಂಬತ್ತರ ಹತ್ತಿರದ ತಾತ ಒಬ್ಬರು ಮನೆ ಜಗಲಿ ಮೇಲೆ ಕೂತು ಹೇಳ್ತಾರೆ: "ನಮ್ಮಪ್ಪ ತೀರ್ಕೊಂಡ ವರ್ಷವೇ ಕೆರೆ ಕೋಡಿ ಬಿತ್ತು." ಮೂರೂವರೆ ಸೆಕೆಂಡೋ ಏನೋ ಇರಬೇಕು. ಇಡೀ ಸಿನಿಮಾ ಆ ವಾಕ್ಯದ ಮೇಲೆ ನಿಂತಿದೆ, ಅದೇ ವಾಕ್ಯಕ್ಕೆ ಬೀದಿ ನಾಯಿ ಎರಡು ಸಲ ಬೊಗಳಿದೆ. ಒಂದು "ನಮ್ಮಪ್ಪ"ದ ಪ್ಪ ಮೇಲೆ, ಇನ್ನೊಂದು "ಕೋಡಿ"ಯ ಕೋ ಮೇಲೆ. ಡೈರೆಕ್ಟರು ಮತ್ತೆ ಹೋಗಿ ಅದೇ ಮಾತು ಹೇಳಿಸಿಕೊಂಡು ಬಂದ್ರು, ತಾತ ಹೇಳಿದ್ರು ಕೂಡ, ಆದ್ರೆ ಪಾಠ ಒಪ್ಪಿಸಿದ ಹಾಗೆ ಬಂತು, ಮೊದಲ ಸಲ "ತೀರ್ಕೊಂಡ" ಅನ್ನುವಾಗ ದನಿ ಇಳಿದಿತ್ತಲ್ಲ ಅದು ಇಲ್ಲವೇ ಇಲ್ಲ. ಗಾಡಿ ಬಾಡಿಗೆ, ಊಟ ಎಲ್ಲ ಸೇರಿ ಆರೇಳು ಸಾವಿರ ಅಲ್ಲೇ ಹೋಯ್ತು. ಬೆಂಗಳೂರಲ್ಲಿ ಒಂದು ಸ್ಟುಡಿಯೋ ಆ ವಾಕ್ಯಕ್ಕೆ ಎಂಟು ಸಾವಿರ ಕೇಳಿ, ಅದೂ ಗ್ಯಾರಂಟಿ ಕೊಡಲ್ಲ ಅಂದ್ರಂತೆ. ಆಮೇಲೆ ನನ್ನ ಹತ್ತಿರ ಬಂತು.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿ ನೋಡಿದೆ. ನಾಯ್ಸ್ ರಿಡಕ್ಷನ್‌ಗೆ ಪ್ರೊಫೈಲ್ ಕೊಟ್ಟು ಓಡಿಸಿದ್ರೆ ಏನೂ ಆಗಲ್ಲ, ಅದು ಫ್ಯಾನು ಎಸಿ ಥರ ಒಂದೇ ಸಮ ಬರೋ ಸದ್ದಿಗೆ ಮಾಡಿದ್ದು, ಬೊಗಳು ಹತ್ತು ಮಿಲಿಸೆಕೆಂಡಿಗೊಂದು ರೂಪ ಬದಲಿಸತ್ತೆ. ಜಾಸ್ತಿ ಎಳೆದರೆ ನಾಯಿ ಹಾಗೇ ಇರತ್ತೆ, ತಾತನ ದನಿ ಮಾತ್ರ ನೀರೊಳಗಿಂದ ಬಂದ ಹಾಗಾಗತ್ತೆ. ಇಕ್ಯೂನಲ್ಲಿ ಬೊಗಳಿನ ಫ್ರೀಕ್ವೆನ್ಸಿ ಕಟ್ ಮಾಡಿದ್ರೆ ಸ್ವರಾನೇ ಹೋಗತ್ತೆ. ಅದೇ ನಾಯಿಯ ಇನ್ನೊಂದು ಬೊಗಳು ಕಾರ್ಡಲ್ಲಿ ಬೇರೆ ಕಡೆ ಕ್ಲೀನಾಗಿ ಸಿಕ್ಕಿತ್ತು, ಅದನ್ನ ಫೇಸ್ ಉಲ್ಟಾ ಮಾಡಿ ಮೇಲಿಟ್ಟು ಕ್ಯಾನ್ಸಲ್ ಆಗತ್ತಾ ಅಂತಾನೂ ನೋಡಿದೆ. ಆಗಲ್ಲ. ಎರಡು ಬೊಗಳು ಕಿವಿಗೆ ಒಂದೇ ಅನ್ಸಿದ್ರೂ ವೇವ್‌ಫಾರ್ಮ್ ಹೊಂದಲ್ಲ, ಎರಡು ನಾಯಿ ಆಯ್ತು ಅಷ್ಟೇ. ಆದ್ರೂ ಆ ಸ್ಯಾಂಪಲ್ ವೇಸ್ಟ್ ಆಗ್ಲಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ನನ್ನ ದಾರಿ ಏನಂದ್ರೆ, ನಾಯಿನ ನೋಡಬೇಡಿ, ಅದರ ಕೆಳಗೆ ಯಾವ ಅಕ್ಷರ ಇದೆ ನೋಡಿ. ಬೊಗಳು ಎರಡೂ ಒಂದೇ ಥರ ಇದ್ರೂ ಕೆಳಗೆ ಪ್ಪ ಇದ್ರೆ ಮಾಡೋ ಕೆಲಸ ಬೇರೆ, ಕೋ ಇದ್ರೆ ಮಾಡೋದು ಬೇರೆ. ಸದ್ದನ್ನ ಚಿತ್ರದ ಹಾಗೆ ತೋರಿಸೋ, ಅಡ್ಡಕ್ಕೆ ಸಮಯ ಮೇಲಕ್ಕೆ ಫ್ರೀಕ್ವೆನ್ಸಿ ಇರೋ ಸ್ಪೆಕ್ಟ್ರೋಗ್ರಾಮಲ್ಲಿ ಪೂರ್ತಿ ಬೊಗಳಿನ ಸುತ್ತ ಒಂದು ದೊಡ್ಡ ಬಾಕ್ಸ್ ಎಳೆದು ರಿಪೇರ್ ಒತ್ತೋದ್ರಿಂದಲೇ ಎಲ್ಲರದ್ದೂ ಕೆಡೋದು.

ಪ್ಪ ಸುಲಭ. ಕನ್ನಡದಲ್ಲಿ ಒತ್ತಕ್ಷರ ನಮಗೆ ದೊಡ್ಡ ಉಪಕಾರ ಮಾಡತ್ತೆ, ಪ್ಪ, ತ್ತ, ಟ್ಟ, ಕ್ಕ ಅನ್ನುವಾಗ ಬಾಯಿ ಪೂರ್ತಿ ಮುಚ್ಚಿರತ್ತೆ, ತಾತನ ನಿಧಾನದ ಮಾತಲ್ಲಿ ಅದು 180 ಮಿಲಿಸೆಕೆಂಡ್ ಹತ್ತಿರ ಇತ್ತು. ಅಷ್ಟು ಹೊತ್ತು ಅಲ್ಲಿ ದನಿನೇ ಇಲ್ಲ. ಅಂದ್ರೆ ಅಲ್ಲಿ ಬೊಗಳಿನ ಕೆಳಗೆ ಉಳಿಸ್ಕೊಳ್ಳೋಕೆ ಏನೂ ಇಲ್ಲ, ರಿಪೇರ್ ಬೇಡ, ಕತ್ತರಿಸಿ ರೂಮ್ ಟೋನ್, ಅಂದ್ರೆ ಮಾತಿಲ್ಲದಾಗ ಅದೇ ಜಾಗದಲ್ಲಿ ಇರೋ ಸದ್ದು, ಹಾಕಿ ಎರಡೂ ಕಡೆ ಐದಾರು ಮಿಲಿಸೆಕೆಂಡ್ ಕ್ರಾಸ್‌ಫೇಡ್ ಕೊಟ್ರೆ ಮುಗೀತು. ಬರೀ ಸೈಲೆನ್ಸ್ ಹಾಕ್ಬೇಡಿ, ಜಗಲಿಯ ಹಿಂದೆ ಗಾಳಿ, ಹಕ್ಕಿ, ದೂರದ ಪಂಪ್‌ಸೆಟ್ ಸದ್ದು ಇತ್ತು, ಅದು ಒಂದು ಕ್ಷಣ ನಿಂತರೆ ನಾಯಿಗಿಂತ ಜಾಸ್ತಿ ಎದ್ದು ಕಾಣತ್ತೆ. ಚಿಕ್ಕ ತುಂಡು ರೂಮ್ ಟೋನ್ ಮತ್ತೆ ಮತ್ತೆ ಬಂದಿದ್ದು ಗೊತ್ತಾಗದ ಹಾಗೆ ಹಿಗ್ಗಿಸೋಕೆ ನಂದೊಂದು ದಾರಿ ಇದೆ, ಅದು ನನ್ನ ಹತ್ತಿರಾನೇ ಇರ್ಲಿ.

ಪ್ಪದಲ್ಲಿ ಸಿಕ್ಕಿಹಾಕಿಕೊಳ್ಳೋದು ಕೊನೇಲಿ ತುಟಿ ಬಿಡುವಾಗ ಬರೋ ಸಣ್ಣ "ಪ್" ಶಬ್ದ. ಅದು ಹತ್ತು ಮಿಲಿಸೆಕೆಂಡೂ ಇರಲ್ಲ, ಬೊಗಳಿನ ಜೊತೆ ಅದೂ ಹೋದ್ರೆ "ನಮ್ಮಪ್ಪ" ಹೋಗಿ "ನಮ್ಮ... ಅ" ಅಂತ ಕೇಳತ್ತೆ, ಮಧ್ಯೆ ಉಸಿರು ಕಟ್ಟಿದ ಹಾಗೆ. ಅದನ್ನ ತಾತ ಬೇರೆ ಕಡೆ ಹೇಳಿದ್ದ "ಒಪ್ಪಲ್ಲ"ದಿಂದ ತಗೊಂಡೆ. "ತಪ್ಪು" ಕೂಡ ಇತ್ತು, ಅದು ಕೂರಲಿಲ್ಲ, ಯಾಕಂದ್ರೆ ಮುಂದೆ ಉ ಇದ್ದಾಗ ತುಟಿ ಮೊದಲೇ ದುಂಡಗಾಗಿರತ್ತೆ, ಆ ಪ್ ದಪ್ಪಗೆ ಕೇಳತ್ತೆ. ಮುಂದಿನ ಸ್ವರ ಒಂದೇ ಆಗಿರೋ ಕಡೆಯಿಂದಲೇ ತರಬೇಕು.

ಇನ್ನು ಕೋ. ಇದಕ್ಕೆ ರಾತ್ರಿಗಳು ಹೋದ್ವು. ಇಡೀ "ಕೋಡಿ" ಪದಾನ ಬೇರೆ ಕಡೆಯಿಂದ ತಂದು ಹಾಕು ಅಂತ ನನ್ನ ಫ್ರೆಂಡ್ ಹೇಳ್ದ, ಹಾಕಿ ನೋಡಿದೆ. ತಾತ ಇನ್ನೊಂದು ಕಡೆ ಕೋಡಿ ಅಂದಿದ್ದು ವಾಕ್ಯದ ಕೊನೇಲಿ, ಅಲ್ಲಿ ದನಿ ಇಳಿದಿತ್ತು, ಇಲ್ಲಿ ಏರ್ತಾ ಇದೆ. ಪಿಚ್ ಶಿಫ್ಟ್ ಮಾಡಿದ್ರೆ ಒಂದು ಸೆಮಿಟೋನ್ ತನಕ ಪರವಾಗಿಲ್ಲ, ಅಲ್ಲಿಂದ ಮುಂದೆ ಬೇರೆ ಮನುಷ್ಯ ಮಾತಾಡಿದ ಹಾಗೆ. ಅದೂ ಅಲ್ದೆ ಮಾತಿನ ಭಾವ ಎಲ್ಲ ಸ್ವರದ ಏರಿಳಿತದಲ್ಲಿ ಇರತ್ತೆ, ಅದನ್ನೇ ಬದಲಾಯಿಸೋದಾದ್ರೆ ರೀಟೇಕೇ ಹಾಕಬಹುದಿತ್ತಲ್ಲ.

ಹಾಗಾಗಿ ಕೋ ಅಕ್ಷರಾನ ಎರಡು ಭಾಗ ಮಾಡಿದೆ. ಕ್ ಸ್ಫೋಟ ಮತ್ತು ಅದರ ಹಿಂದೆ ಬರೋ ಒಂದು ಮೂವತ್ತು ನಲವತ್ತು ಮಿಲಿಸೆಕೆಂಡ್ ಮಾತ್ರ ಆ ಇನ್ನೊಂದು "ಕೋಡಿ"ಯಿಂದ. ಇಲ್ಲೂ ಅದೇ ಮಾತು, "ಕಿ"ಯ ಕ್ ತಂದ್ರೆ ಚುರುಕಾಗಿ ಚಿಟಿಕೆ ಹೊಡೆದ ಹಾಗೆ ಕೇಳತ್ತೆ, ಓ ಮುಂದಿರುವಾಗ ಕ್‌ನ ಬಲ ಒಂದು ಕಿಲೋಹರ್ಟ್ಜ್ ಆಸುಪಾಸಲ್ಲೇ ಇರತ್ತೆ, ಇ ಮುಂದಿದ್ರೆ ತುಂಬ ಮೇಲೆ ಹೋಗತ್ತೆ. ಉಳಿದ ಓ ಪೂರ್ತಿ ತಾತಂದೇ, ಅದೇ ಜಾಗದ್ದೇ.

ಆ ಓ ಒಳಗಿಂದ ನಾಯಿನ ತೆಗೆದಿದ್ದು ಹೀಗೆ. ಓ ಸ್ವರದ ಶಕ್ತಿ ಹೆಚ್ಚುಕಮ್ಮಿ ಎಲ್ಲ ಒಂದು ಕಿಲೋಹರ್ಟ್ಜ್ ಒಳಗೇ ಮುಗಿಯತ್ತೆ. ಬೊಗಳು ಆರುನೂರು ಹರ್ಟ್ಜ್ ಹತ್ತಿರ ಶುರುವಾಗಿ ಮೂರು ನಾಲ್ಕು ಕಿಲೋಹರ್ಟ್ಜ್ ತನಕ ಹರಡಿತ್ತು, ಕಿವಿಗೆ ಚುಚ್ಚೋದು ಆ ಮೇಲಿನ ಭಾಗವೇ. ಅಲ್ಲಿ ತಾತನ ದನಿ ತೆಳ್ಳಗೆ ಇರೋದ್ರಿಂದ ಆರ್‌ಎಕ್ಸ್ ಅನ್ನೋ ಆಡಿಯೋ ರಿಪೇರಿ ಸಾಫ್ಟ್‌ವೇರ್‌ನ ಸ್ಪೆಕ್ಟ್ರಲ್ ರಿಪೇರ್‌ನಲ್ಲಿ ಸದ್ದು ತಗ್ಗಿಸೋ ಅಟೆನ್ಯುಯೇಟ್ ಮೋಡ್ ಹಾಕಿ ಧೈರ್ಯವಾಗಿ ಎಳೆದೆ. ಕೆಳಗಿನ ಭಾಗಕ್ಕೆ ಮಾತ್ರ ಕೈ ಬಿಗಿ ಹಿಡೀಬೇಕು. ತಾತನ ಪಿಚ್ 130 ಹರ್ಟ್ಜ್ ಸುಮಾರು, ಅದರ ಎರಡರಷ್ಟು ಮೂರರಷ್ಟು ಅಂತ ಮೇಲಕ್ಕೆ ಬರೋ ಹಾರ್ಮಾನಿಕ್ ಗೆರೆಗಳು ಬಹುತೇಕ ಅಡ್ಡಡ್ಡ ಇರ್ತವೆ, ಬೊಗಳಿನ ಗೆರೆ ಕಾಮನಬಿಲ್ಲಿನ ಹಾಗೆ ಏರಿ ಇಳಿಯತ್ತೆ. ಆ ಬಿಲ್ಲು ಎರಡು ಗೆರೆಗಳ ಮಧ್ಯೆ ಇರೋ ಜಾಗ ಮಾತ್ರ ಲಾಸೋದಲ್ಲಿ ಹಿಡಿದು ತೆಗೆದೆ, ಗೆರೆ ದಾಟೋ ಜಾಗ ಮುಟ್ಟಲೇ ಇಲ್ಲ. ಅಲ್ಲಿ ಉಳಿದಿದ್ದನ್ನ ಸ್ವರವೇ ಮುಚ್ಚಿಹಾಕತ್ತೆ. ರಿಪ್ಲೇಸ್ ಮೋಡ್ ಸ್ವರದ ಮೇಲೆ ಹಾಕ್ಬೇಡಿ, ಅದು ಅಕ್ಕಪಕ್ಕದ್ದನ್ನ ನೋಡಿ ಹೊಸದಾಗಿ ತುಂಬತ್ತೆ, ತಾತನ ಗಂಟಲ ಗರಗರ ಹೋಗಿ ನುಣ್ಣಗಾಗತ್ತೆ.

ಎಫ್‌ಎಫ್‌ಟಿ ಸೈಜ್, ಅಂದ್ರೆ ಆ ಚಿತ್ರ ಬಿಡಿಸೋಕೆ ಒಂದ್ಸಲಕ್ಕೆ ಎಷ್ಟು ಉದ್ದದ ತುಂಡು ನೋಡತ್ತೆ ಅನ್ನೋದು, ಅದರ ಬಗ್ಗೆ ಒಂದು ಮಾತು. ಬೊಗಳು ಎಲ್ಲಿ ಶುರು ಎಲ್ಲಿ ಕೊನೆ ಅಂತ ಹಿಡಿಯೋಕೆ 1024 ಅಥವಾ ಕಮ್ಮಿ ಇಟ್ಟು ನೋಡ್ತೀನಿ, ಗೆರೆ ಬಿಡಿಸಿ ನೋಡೋಕೆ 4096ಕ್ಕೆ ಏರಿಸ್ತೀನಿ. ಒಂದೇ ಸೈಜಲ್ಲಿ ಕೂತವರಿಗೆ ಅರ್ಧ ಕಾಣತ್ತೆ.

ಜೋಡಿಸೋ ಜಾಗ ಕೂಡ ಮುಖ್ಯ. ಸ್ವರದ ಮಧ್ಯೆ ಜೋಡಿಸುವಾಗ ಝೀರೋ ಕ್ರಾಸಿಂಗ್ ಸಾಲಲ್ಲ, ಎರಡೂ ಕಡೆ ಪಿಚ್ ಸೈಕಲ್‌ನ ಅದೇ ಜಾಗಕ್ಕೆ ಬಂದಿರಬೇಕು. 130 ಹರ್ಟ್ಜ್ ಅಂದ್ರೆ ಒಂದು ಸುತ್ತು ಏಳೂವರೆ ಮಿಲಿಸೆಕೆಂಡ್ ಚಿಲ್ಲರೆ. ಅರ್ಧ ಸುತ್ತು ತಪ್ಪಿದ್ರೂ ದನಿ ಬಿಕ್ಕಳಿಸತ್ತೆ.

ಎಲ್ಲ ಆದ್ಮೇಲೂ ಏನೋ ಒಂದು ಇತ್ತು. ನಾಯಿ ಇಲ್ಲ, ಆದ್ರೆ ನಾಯಿ ಇದ್ದ ಹಾಗೆ ಅನ್ಸತ್ತೆ. ಅದು ಎದುರು ಮನೆ ಗೋಡೆಗೆ ಬಡಿದು ವಾಪಸ್ ಬಂದಿದ್ದ ಬೊಗಳಿನ ಬಾಲ, ಮುಂದಿನ "ಡಿ ಬಿ" ಅಕ್ಷರಗಳ ಮೇಲೆ ತೆಳ್ಳಗೆ ಬಿದ್ದಿತ್ತು. ಇಲ್ಲಿ ಆ ಫೇಸ್ ಪ್ರಯೋಗದ ಕ್ಲೀನ್ ಬೊಗಳು ಕೆಲಸಕ್ಕೆ ಬಂತು, ಅದರ ಹಿಂದೆ ಬಾಲ ಎಷ್ಟು ಉದ್ದ, ಯಾವ ಫ್ರೀಕ್ವೆನ್ಸಿಯಲ್ಲಿ ಗಟ್ಟಿ ಅಂತ ಬಿಡಿಯಾಗಿ ಕಾಣ್ತಿತ್ತು. ಕಾಲು ಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ. ಅದೇ ಅಳತೆ ಇಲ್ಲಿಗೆ ಹಾಕಿ ಮೆತ್ತಗೆ ನಾಲ್ಕೈದು ಡೆಸಿಬೆಲ್ ಇಳಿಸಿದ ಮೇಲೇನೇ ನಾಯಿ ನಿಜವಾಗಿ ಹೋಗಿದ್ದು.

ಮಾತಿನ ಮೇಲೆ ಗಾಡಿ ಹಾರ್ನ್ ಬಿದ್ರೆ ಏನ್ಮಾಡೋದು ಅಂತ ಕೇಳೋರಿಗೆ: ಅದು ಇದಕ್ಕಿಂತ ಸುಲಭ, ನಿಂತಿರೋ ಕಾರಿಂದಾದ್ರೆ. ಕಾರ್ ಹಾರ್ನ್ ಸಾಮಾನ್ಯವಾಗಿ ಎರಡು ದನಿ ಸೇರಿದ್ದು, 400 ಮತ್ತು 500 ಹರ್ಟ್ಜ್ ಆಸುಪಾಸು, ಮೇಲಕ್ಕೆ ಅವುಗಳ ಹಾರ್ಮಾನಿಕ್‌ಗಳು, ಎಲ್ಲ ಸ್ಕೇಲ್ ಇಟ್ಟು ಎಳೆದ ನೇರ ಗೆರೆ. ಮಾತಿನ ಗೆರೆಗಳು ಅಲುಗಾಡ್ತಾ ಇರ್ತವೆ, ಹಾರ್ನಿಂದು ಅಲುಗಾಡಲ್ಲ. ಎಫ್‌ಎಫ್‌ಟಿ 8192 ಇಟ್ಟು ಒಂದೊಂದು ಗೆರೆನೂ ತೀರಾ ಸಪೂರವಾಗಿ ಹಿಡಿದು ತೆಗೀತಾ ಹೋದ್ರೆ ಮಾತಿಗೆ ಏನೂ ಆಗಲ್ಲ. ಓಡ್ತಿರೋ ಗಾಡಿದಾದ್ರೆ ನಮ್ಮನ್ನ ದಾಟುವಾಗ ಗೆರೆ ಕೆಳಕ್ಕೆ ಜಾರತ್ತೆ, ಆಗ ಕೈಯಲ್ಲಿ ಬ್ರಷ್ ಹಿಡಿದು ಅದರ ಹಿಂದೆ ಹೋಗಬೇಕು. ಆಡಾಸಿಟಿಯಲ್ಲೂ ಸ್ಪೆಕ್ಟ್ರಲ್ ಸೆಲೆಕ್ಷನ್‌ನಲ್ಲಿ ನಿಂತ ಹಾರ್ನ್ ತೆಗೆದಿದೀನಿ, ದುಡ್ಡು ಖರ್ಚಿಲ್ಲ, ಟೈಮ್ ಮೂರರಷ್ಟು.

ಚೆಕ್ ಮಾಡೋಕೆ ನಾನೇ ಕೇಳಲ್ಲ, ಎಲ್ಲಿ ನಾಯಿ ಇತ್ತು ಅಂತ ನನ್ನ ಕಿವಿಗೆ ಗೊತ್ತಲ್ಲ. ಮನೇಲಿ ಅಕ್ಕನಿಗೆ ಮೂರು ವಾಕ್ಯ ಕೇಳಿಸಿ ತಾತ ಏನಂದ್ರು ಬರಿ ಅಂದೆ, ಫೋನ್ ಸ್ಪೀಕರಲ್ಲಿ ಒಂದ್ಸಲ, ಹೆಡ್‌ಫೋನಲ್ಲಿ ಒಂದ್ಸಲ. ಅವಳು ಕೈ ನಿಲ್ಲಿಸದೆ ಬರೆದಳು. ಡೈರೆಕ್ಟರಿಗೆ ಕ್ ಮತ್ತು ಪ್ ಎಲ್ಲಿಂದ ತಂದೆ ಅಂತ ಬರೆದೇ ಕೊಟ್ಟೆ, ಒರಿಜಿನಲ್ ಫೈಲ್ ಹಾಗೇ ಇಟ್ಟಿದೀನಿ, ಸಾಕ್ಷ್ಯಚಿತ್ರದಲ್ಲಿ ಇಷ್ಟು ಮಾಡಲೇಬೇಕು. ಐದು ಸಾವಿರ ಕೊಟ್ರು, ಉಳಿದ ಇಂಟರ್‌ವ್ಯೂಗಳ ಕ್ಲೀನಿಂಗ್ ಕೂಡ ನನಗೇ ಬಂತು.

ಇದು ಆಗದ ಕಡೆನೂ ಇದೆ. ಬೊಗಳು "ಈ" ಮೇಲೆ ಬಿದ್ರೆ ಕಷ್ಟ, ಆ ಸ್ವರದ ಗುರುತೇ ಎರಡು ಕಿಲೋಹರ್ಟ್ಜ್ ಮೇಲಿದೆ, ನಾಯಿದೂ ಅಲ್ಲೇ. ಆಗ ಕಾಲರ್ ಮೈಕ್ ಟ್ರ್ಯಾಕ್ ಇದ್ಯಾ ಅಂತ ಮೊದಲು ಕೇಳ್ತೀನಿ, ಬಾಯಿಗೆ ಹತ್ತಿರ ಇರೋದ್ರಿಂದ ಅದರಲ್ಲಿ ನಾಯಿ ದೂರ ಇರತ್ತೆ, ಆ ಒಂದು ಅಕ್ಷರಕ್ಕೆ ಟೋನ್ ಹೊಂದಿಸಿ ಅದನ್ನ ಹಾಕ್ತೀನಿ. ಬೊಗಳಿದಾಗ ಮೀಟರ್ ಮೇಲಕ್ಕೆ ಹೊಡೆದು ಕ್ಲಿಪ್ ಆಗಿದ್ರೆ ಮಾತ್ರ ಆ ಕೆಲಸ ಒಪ್ಪಿಕೊಳ್ಳಲ್ಲ, ಅಲ್ಲಿ ಕೆಳಗಿದ್ದ ದನಿ ರೆಕಾರ್ಡೇ ಆಗಿರಲ್ಲ.