ಕ್ಯಾತ್ಸಂದ್ರದ ಹಳೆಯ ಫೋನು ಮತ್ತೆ ಹಾಡಿದ್ದು

ನನ್ನ ಸೋದರಮಾವ ತುಮಕೂರಿನ ಕ್ಯಾತ್ಸಂದ್ರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಮಿಷನ್ನಿನ ಪಕ್ಕದಲ್ಲಿ ಸ್ಪೀಕರಿಗೆ ವೈರು ಜೋಡಿಸಿದ ಹಳೆಯ ಫೋನೊಂದು ಸದಾ ಹಾಡುತ್ತಿರುತ್ತದೆ. ಆಂಡ್ರಾಯ್ಡ್ 6ರ ಫೋನು ಅದು. ಒಂದು ದಿನ ಹಾಡಿನ ಆ್ಯಪ್ ನಿಂತಿತು, ಸ್ವಲ್ಪ ದಿನಕ್ಕೆ ಕನ್ನಡ ರೇಡಿಯೊ ಕೂಡ ನಿಂತಿತು. "ನೋಡಪ್ಪ, ಬ್ಯಾಟರಿ ಚೆನ್ನಾಗಿದೆ, ಸದ್ದು ಚೆನ್ನಾಗಿದೆ. ಇದನ್ನು ಬಿಸಾಡಬೇಕೇ?" ಎಂದು ಮಾವ ಕೇಳಿದರು. ಮೊಬೈಲ್ ರಿಪೇರಿ ನನ್ನ ಕಸುಬು. ಬಿಸಾಡುವುದು ಬೇಡ ಎಂದು ತೆಗೆದುಕೊಂಡು ಬಂದೆ.

ಎರಡೂ ಒಂದೇ ಕಾಯಿಲೆ ಎಂದು ಮೊದಲು ಅಂದುಕೊಂಡಿದ್ದೆ, ಅಲ್ಲ. ಹಾಡಿನ ಆ್ಯಪ್ ತೆರೆಯುತ್ತಿತ್ತು, ಆದರೆ ಹೊಸ ಆವೃತ್ತಿ ಹಾಕಿಕೊಳ್ಳಿ ಎನ್ನುವ ಪರದೆಯನ್ನು ದಾಟುತ್ತಿರಲಿಲ್ಲ. ಪ್ಲೇ ಸ್ಟೋರಿನಲ್ಲಿ ನೋಡಿದರೆ ಈ ಫೋನಿಗೆ ಹೊಸ ಆವೃತ್ತಿ ಹೊಂದುವುದಿಲ್ಲ ಎಂಬ ಉತ್ತರ. ಹಳೆಯ ಆವೃತ್ತಿಯನ್ನು ಕಂಪನಿಯ ಸರ್ವರೇ ಒಳಗೆ ಬಿಟ್ಟುಕೊಳ್ಳದಿದ್ದಾಗ ಫೋನಿನಲ್ಲಿ ಏನು ಮಾಡಿದರೂ ವ್ಯರ್ಥ. ಸಿಕ್ಕ ಸಿಕ್ಕ ತಾಣದಿಂದ ಆ್ಯಪ್‌ನ ಎಪಿಕೆ ಕಡತ ಇಳಿಸಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಏನು ಸೇರಿದೆಯೋ ಬಲ್ಲವರಿಲ್ಲ.

ರೇಡಿಯೊದ ಕಥೆ ಬೇರೆ. ಕೇಂದ್ರದ ಸ್ಟ್ರೀಮ್ ವಿಳಾಸವನ್ನು ಕ್ರೋಮ್‌ನಲ್ಲಿ ನೇರವಾಗಿ ಹಾಕಿದೆ. ಬಂದದ್ದು ಇದು:

```
NET::ERR_CERT_AUTHORITY_INVALID
```

ಇಲ್ಲಿ `DATE_INVALID` ಎಂದು ಬಂದಿದ್ದರೆ ಮೊದಲು ಫೋನಿನ ತಾರೀಖು ನೋಡುತ್ತಿದ್ದೆ. ಬ್ಯಾಟರಿ ಪೂರ್ತಿ ಇಳಿದ ಫೋನು ಎಷ್ಟೋ ಸಲ ಹಳೆಯ ವರ್ಷಕ್ಕೆ ಹೋಗಿಬಿಟ್ಟಿರುತ್ತದೆ. ಆದರೆ ಬಂದದ್ದು `AUTHORITY`. ಜಾಮೀನುದಾರ ಯಾರೆಂದು ಫೋನಿಗೆ ಗೊತ್ತಿಲ್ಲ ಎಂದು ಅದರ ಅರ್ಥ.

ಪ್ರತಿ ಸುರಕ್ಷಿತ ತಾಣಕ್ಕೂ ಒಂದು ಸಂಸ್ಥೆ ಜಾಮೀನು ನಿಲ್ಲುತ್ತದೆ. ಯಾರ ಜಾಮೀನು ನಂಬಬೇಕು ಎಂಬ ಪಟ್ಟಿ ಫೋನಿನೊಳಗೆ ಇರುತ್ತದೆ, ಇಂಥ ಹಳೆಯ ಫೋನಿನಲ್ಲಿ ಸಿಸ್ಟಮ್ ಅಪ್‌ಡೇಟ್ ನಿಂತ ದಿನ ಪಟ್ಟಿಯೂ ಅಲ್ಲಿಗೇ ನಿಲ್ಲುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಜಾಮೀನು ಕೊಡುವುದರಿಂದ ಅಸಂಖ್ಯಾತ ತಾಣಗಳು ಅದನ್ನೇ ಬಳಸುತ್ತವೆ. ಆ ಸಂಸ್ಥೆಯನ್ನು ಫೋನು ಗುರುತಿಸಲು ಬೇಕಾದ `ISRG Root X1` ಎಂಬ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಫೋನುಗಳ ಪಟ್ಟಿಯಲ್ಲಿ ಇಲ್ಲ. ಹಳೆಯ ಫೋನುಗಳಿಗಾಗಿ ಇನ್ನೊಂದು ಸಂಸ್ಥೆಯ ಹೆಸರಿನಲ್ಲಿ ನಡೆಸಿಕೊಂಡು ಬಂದ ಏರ್ಪಾಡು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಮಾವನ ರೇಡಿಯೊ ಮೂಕವಾದದ್ದು ಹೀಗೆ.

ಪರಿಹಾರವೆಂದರೆ ಆ ಪ್ರಮಾಣಪತ್ರವನ್ನು ನಾವೇ ಪಟ್ಟಿಗೆ ಸೇರಿಸುವುದು. ಅದು ಸಿಗುವ ತಾಣವನ್ನು ಈ ಫೋನಿನಿಂದಲೇ ತೆರೆಯಲು ಹೋದರೆ ಅಲ್ಲಿಯೂ ಅದೇ ದೋಷ ಬರುತ್ತದೆ. ಅದಕ್ಕೇ ಕಂಪ್ಯೂಟರಿನಲ್ಲಿ `letsencrypt.org/certs/isrgrootx1.der` ಇಳಿಸಿ, ಹೆಸರನ್ನು `isrgrootx1.crt` ಎಂದು ಬದಲಿಸಿ ಕೇಬಲ್ಲಿನ ಮೂಲಕ ಫೋನಿಗೆ ಹಾಕಿದೆ. ಸೆಟ್ಟಿಂಗ್ಸಿನ ಭದ್ರತೆ ವಿಭಾಗದಲ್ಲಿ ಸಂಗ್ರಹದಿಂದ ಪ್ರಮಾಣಪತ್ರ ಹಾಕುವ ಆಯ್ಕೆ ಇದೆ. ಬಳಕೆ ಯಾವುದಕ್ಕೆ ಎಂದು ಕೇಳಿದಾಗ ವೈಫೈ ಅಲ್ಲ, ವಿಪಿಎನ್ ಮತ್ತು ಆ್ಯಪ್‌ಗಳು ಎಂದು ಆರಿಸಬೇಕು. ಪರದೆಗೆ ಪಿನ್ ಇಲ್ಲದಿದ್ದರೆ ಫೋನು ಅದನ್ನು ಇಡಿಸದೆ ಬಿಡುವುದಿಲ್ಲ. ಹಾಕಿದ ಮೇಲೆ ಪ್ರಮಾಣಪತ್ರದ ವಿವರ ತೆರೆದು, ಅದು ಅಸಲಿಯೇ ಎಂದು ತಿಳಿಸುವ ಎಸ್‌ಎಚ್‌ಎ-256 ಬೆರಳಚ್ಚು `96:BC:EC:06` ಎಂದು ಶುರುವಾಗುತ್ತದೆಯೇ ಎಂದು ನೋಡಿದೆ, ಮಿಕ್ಕ ಅಂಕಿಗಳನ್ನೂ ಕಂಪ್ಯೂಟರಿನಲ್ಲಿದ್ದ ಕಡತದೊಂದಿಗೆ ಹೋಲಿಸಿದೆ. ಈ ಹೆಜ್ಜೆಯಲ್ಲಿ ಸೋಮಾರಿತನ ಕೂಡದು. ತಪ್ಪು ಜಾಮೀನುದಾರನನ್ನು ಒಳಗೆ ಬಿಟ್ಟರೆ ಅವನು ಯಾವ ತಾಣದ ವೇಷವನ್ನಾದರೂ ಹಾಕಬಲ್ಲ.

ಕ್ರೋಮ್ ಮುಚ್ಚಿ ತೆರೆದೆ, ಸ್ಟ್ರೀಮ್ ಹಾಡಿತು. ವಿಳಾಸವನ್ನು ನಾವೇ ಬರೆದುಕೊಳ್ಳಬಹುದಾದ ಹಳೆಯ ರೇಡಿಯೊ ಆ್ಯಪ್‌ನಲ್ಲಿಯೂ ಹಾಡಿತು. ಆಂಡ್ರಾಯ್ಡ್ 6ರವರೆಗೆ ಬಳಕೆದಾರ ಸೇರಿಸಿದ ಪ್ರಮಾಣಪತ್ರವನ್ನು ಆ್ಯಪ್‌ಗಳು ಸಾಮಾನ್ಯವಾಗಿ ನಂಬುತ್ತವೆ. ಆದರೆ 7.0 ಇರುವ ಫೋನಿನಲ್ಲಿ, ಅದಕ್ಕೆಂದೇ ತಯಾರಾದ ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ, ಅಲ್ಲಿ ಈ ಉಪಾಯ ಅರ್ಧಂಬರ್ಧ.

ಫೋನಿಗೆ ಭದ್ರತಾ ಅಪ್‌ಡೇಟ್ ಬರುವುದಿಲ್ಲವಾದ್ದರಿಂದ ಸಿಮ್, ಹಣ ಪಾವತಿಯ ಆ್ಯಪ್, ಮಾವನ ಇಮೇಲ್ ಎಲ್ಲವನ್ನೂ ತೆಗೆದೆ. ಈಗ ಅದು ಮಾವನ ಹೊಸ ಫೋನಿನ ಹಾಟ್‌ಸ್ಪಾಟಿನಲ್ಲಿ ಓಡುತ್ತದೆ. 64 ಕೆಬಿಪಿಎಸ್ ಸ್ಟ್ರೀಮ್ ಗಂಟೆಗೆ ಸುಮಾರು 29 ಎಂಬಿ ತಿನ್ನುತ್ತದೆ, ಎಂಟು ಗಂಟೆಗೆ 230 ಎಂಬಿ. 128 ಆರಿಸಿದರೆ ಅದರ ಎರಡರಷ್ಟು. ಹೊಲಿಗೆ ಮಿಷನ್ನಿನ ಸದ್ದಿನ ನಡುವೆ 64 ಸಾಕು ಎಂದು ಮಾವನೇ ಕೇಳಿ ಆರಿಸಿದರು.

ಎರಡು ದಿನದ ನಂತರ ಅವರ ಕರೆ ಬಂತು. "ನಿಮ್ಮ ಜಾಲದ ಮೇಲೆ ಯಾರೋ ಕಣ್ಣಿಟ್ಟಿರಬಹುದು ಎಂದು ತೋರಿಸುತ್ತಿದೆಯಲ್ಲಪ್ಪ!" ನಾವು ಪ್ರಮಾಣಪತ್ರ ಸೇರಿಸಿದ್ದಕ್ಕೆ ಆಂಡ್ರಾಯ್ಡ್ ಕೊಡುವ ಎಚ್ಚರಿಕೆ ಅದು, ಮತ್ತೆ ಮತ್ತೆ ಬರುತ್ತದೆ ಎಂದು ವಿವರಿಸಿದೆ. ಅದನ್ನು ನೋಡಿ ಗಾಬರಿಯಾಗಿ ಯಾರಾದರೂ ಅಳಿಸಿಬಿಟ್ಟರೆ ರೇಡಿಯೊ ಮತ್ತೆ ನಿಲ್ಲುತ್ತದೆ. ಅದಕ್ಕಾಗಿ `isrgrootx1.crt` ಕಡತವನ್ನು ಮೆಮೊರಿ ಕಾರ್ಡಿನಲ್ಲಿಯೂ ಒಂದು ಪ್ರತಿ ಇಟ್ಟಿದ್ದೇನೆ.