ತಡವಾದ ಬಿಲ್‌ಗೆ ಬಡ್ಡಿ: ಕೋರ್ಟಿನಲ್ಲಿ ನಿಲ್ಲುವ ಷರತ್ತು ಬರೆಯುವುದು ಹೇಗೆ?

‘ತಡವಾದರೆ ದಿನಕ್ಕೆ ಶೇ 2 ದಂಡ’ ಎಂದು ಬಿಲ್ಲಿನ ಅಡಿಯಲ್ಲಿ ಅಚ್ಚು ಹಾಕಿಸಿಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಹಣ ಬಾರದೇ ಹೋದಾಗ ಆ ಸಾಲು ಅವರ ಕೈ ಹಿಡಿಯುವುದಿಲ್ಲ. ಮೊದಲೇ ಸರಿಯಾಗಿ ಬರೆದಿದ್ದರೆ ಬರಬೇಕಾದ ಬಡ್ಡಿಯಾದರೂ ಸಿಗುತ್ತಿತ್ತು.

ಮೊದಲ ಹೆಜ್ಜೆ ಸುಲಭ. ಷರತ್ತು ಬಿಲ್ಲಿನಲ್ಲಿ ಅಲ್ಲ, ಕೆಲಸಕ್ಕೆ ಮುಂಚಿನ ಒಪ್ಪಂದದಲ್ಲಿ ಇರಲಿ. ಕೆಲಸ ಮುಗಿದ ಮೇಲೆ ಕಳಿಸುವ ಬಿಲ್ಲಿಗೆ ಹೊಸ ಷರತ್ತು ಸೇರಿಸಿದರೆ, ಎದುರಿನವರು ‘ನಾನು ಒಪ್ಪಿರಲಿಲ್ಲ’ ಎನ್ನಬಹುದು.

ಎರಡನೆಯದು ಗಡುವು. ‘ಬಿಲ್ ತಲುಪಿದ 30 ದಿನದೊಳಗೆ’ ಎಂದು ಬರೆಯಿರಿ. ‘ಆದಷ್ಟು ಬೇಗ’ ಎಂದು ಬರೆದರೆ ತಡ ಶುರುವಾಗಿದ್ದು ಯಾವತ್ತು ಎಂಬುದಕ್ಕೇ ಜಗಳ.

ಮೂರನೆಯದು ದರ. ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಲಕ್ಷದ ಬಿಲ್, 20 ದಿನ ತಡ ಎಂದುಕೊಳ್ಳಿ. ದಿನಕ್ಕೆ ಶೇ 2 ಎಂದರೆ 40,000. ವರ್ಷದ ಲೆಕ್ಕದಲ್ಲಿ ಅದು ಶೇ 730. ನಿಮಗೆ ನಿಜಕ್ಕೂ ಆದ ನಷ್ಟ ಎಷ್ಟು? ಆ ಹಣ ಇಲ್ಲದ್ದಕ್ಕೆ ನೀವು ಬ್ಯಾಂಕಿನ ಓವರ್‌ಡ್ರಾಫ್ಟ್ ಬಳಸಿದಿರಿ, ಅದರ ಬಡ್ಡಿ ವರ್ಷಕ್ಕೆ ಶೇ 12 ಎಂದಿಟ್ಟುಕೊಳ್ಳೋಣ. 20 ದಿನಕ್ಕೆ ಸುಮಾರು 658 ಆಯಿತು. 658 ಎಲ್ಲಿ, 40,000 ಎಲ್ಲಿ! ಈ ಅಂತರ ನೋಡಿದ ಕೂಡಲೇ ನ್ಯಾಯಾಧೀಶರಿಗೆ ಇದು ಪರಿಹಾರ ಅಲ್ಲ, ಹೆದರಿಸಲು ಹಾಕಿದ ದಂಡ ಅನ್ನಿಸುತ್ತದೆ.

ಇಂಗ್ಲೆಂಡಿನ ಕೋರ್ಟುಗಳು 1915ರ ಡನ್‌ಲಪ್ ಪ್ರಕರಣದಿಂದ ಕೇಳುತ್ತಾ ಬಂದದ್ದು ಇದನ್ನೇ: ಇದು ನಷ್ಟದ ಪ್ರಾಮಾಣಿಕ ಅಂದಾಜಾ, ಬೆದರಿಕೆಯಾ? 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪ್ರಶ್ನೆಯನ್ನು ಬದಲಿಸಿತು. ಹಣ ಸಮಯಕ್ಕೆ ಬರುವುದರಲ್ಲಿ ನಿಮಗಿರುವ ನ್ಯಾಯವಾದ ಹಿತಕ್ಕೆ ಹೋಲಿಸಿದರೆ ಈ ಮೊತ್ತ ಅತಿಯಾಯಿತೇ ಎಂದು ಈಗ ನೋಡುತ್ತಾರೆ. ಭಾರತದ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಉದಾಹರಣೆಯನ್ನೇ ಕೊಡುತ್ತದೆ: ಶೇ 12 ಬಡ್ಡಿಗೆ ಕೊಟ್ಟ 1,000 ರೂಪಾಯಿ ಸಾಲ, ತಪ್ಪಿದ ದಿನದಿಂದ ಶೇ 75. ಅದು ದಂಡ. ಸಿಗುವುದು ಕೋರ್ಟಿಗೆ ಸರಿ ಕಂಡಷ್ಟು ಪರಿಹಾರ ಮಾತ್ರ.

ಹಾಗಾಗಿ ನಾನು ಖಡಾಖಂಡಿತ ಹೇಳುತ್ತೇನೆ: ನಿಮ್ಮ ಸಾಲದ ದರಕ್ಕೆ ಎರಡು ಮೂರು ಅಂಶ ಸೇರಿಸಿ, ಅಷ್ಟು ಸಾಕು. ಶೇ 12ಕ್ಕೆ ಶೇ 15. ಮೇಲಿನ ಬಿಲ್ಲಿಗೆ 822 ಬರುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ‘ಈ ದರ ಯಾಕೆ?’ ಎಂದು ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುತ್ತದೆ. ‘ವರ್ಷಕ್ಕೆ’, ‘ಸರಳ ಬಡ್ಡಿ’ ಎಂಬ ಎರಡು ಮಾತು ಬಿಡಬೇಡಿ. ಬರೀ ‘ಶೇ 2’ ಎಂದರೆ ದಿನಕ್ಕೋ ತಿಂಗಳಿಗೋ ಯಾರಿಗೆ ಗೊತ್ತು?

ಇನ್ನೂ ಎರಡು ಕಡೆ ಜೋಪಾನ. ‘ಒಂದು ದಿನ ತಡವಾದರೂ 10,000’ ಎಂಬ ಇಡಿಗಂಟು ಬೇಡ. ಬಾಕಿ 500 ಇದ್ದರೂ ಲಕ್ಷ ಇದ್ದರೂ ಅದೇ ಮೊತ್ತವಾದರೆ, ನಷ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ ಎಂದು ಅದೇ ತೋರಿಸಿಕೊಡುತ್ತದೆ. ಬಡ್ಡಿ ತಪ್ಪಿದ ದಿನದಿಂದ ಮುಂದಕ್ಕೆ ಮಾತ್ರ ಓಡಲಿ. ಸಾಲ ಕೊಟ್ಟ ದಿನಕ್ಕೇ ಹಿಂದೆ ಹೋಗಿ ಹೆಚ್ಚಿನ ದರ ಹಾಕುವುದನ್ನು ನಮ್ಮ ಕೋರ್ಟುಗಳು ದಂಡ ಎಂದೇ ನೋಡುತ್ತಾ ಬಂದಿವೆ. ಇಂಟರ್‌ನೆಟ್ಟಿನಲ್ಲಿ ಸಿಗುವ ರೆಡಿಮೇಡ್ ಒಪ್ಪಂದಗಳಲ್ಲಿ ಈ ಎರಡೂ ಜಾಸ್ತಿ. ಸುಮ್ನೆ ನಕಲು ಮಾಡಬೇಡಿ.

ಬೇರೆ ದಾರಿಯೂ ಇದೆ, ನನಗೆ ಇದೇ ಇಷ್ಟ. ತಡವಾದರೆ ದರ ಏರುತ್ತದೆ ಎನ್ನುವ ಬದಲು, ಸಮಯಕ್ಕೆ ಕೊಟ್ಟರೆ ರಿಯಾಯಿತಿ ಎಂದು ಬರೆಯಿರಿ. ‘ದರ ಶೇ 15, ಗಡುವಿನೊಳಗೆ ಕಟ್ಟಿದರೆ ಶೇ 12’ ಎಂಬ ಸಾಲದ ಷರತ್ತನ್ನು ಕೋರ್ಟುಗಳು ಹಿಂದಿನಿಂದಲೂ ಸಾಮಾನ್ಯವಾಗಿ ದಂಡ ಎಂದು ಎಣಿಸಿಲ್ಲ. ಅಂಕಿ ಅದೇ, ಆದರೆ ತಪ್ಪಿಗೆ ಶಿಕ್ಷೆ ಅನ್ನುವುದು ಅದರಲ್ಲಿ ಇಲ್ಲ.

ನೀವು ಕಟ್ಟಬೇಕಾದವರಾದರೆ? ಷರತ್ತು ನಿಲ್ಲದಿದ್ದರೂ ಅಸಲು ಹೋಗುವುದಿಲ್ಲ, ನ್ಯಾಯವಾದ ಪರಿಹಾರವೂ ಹೋಗುವುದಿಲ್ಲ. ತಕರಾರಿಲ್ಲದ ಅಸಲನ್ನು ಮೊದಲು ಕಟ್ಟಿಬಿಡಿ. ಆಮೇಲೆ ದಂಡದ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ: ಯಾವ ದಿನದಿಂದ, ಯಾವ ಮೊತ್ತದ ಮೇಲೆ, ಯಾವ ದರ, ಒಪ್ಪಂದದ ಯಾವ ಸಾಲಿನ ಪ್ರಕಾರ. ಉತ್ತರ ಬಂದ ಮೇಲೆ, ನ್ಯಾಯವೆನಿಸಿದ ಬಡ್ಡಿಯನ್ನು ಕಟ್ಟಿ, ಉಳಿದದ್ದನ್ನು ಯಾಕೆ ಒಪ್ಪುವುದಿಲ್ಲ ಎಂದು ಪತ್ರದಲ್ಲಿ ಬರೆಯಿರಿ.