ತ್ರಿಕೋನ ಒಂದೂ ಇಲ್ಲ, ಆದರೂ ಬಣ್ಣ ಸಾಲುವುದಿಲ್ಲ: ಅಂಥ ಗ್ರಾಫ್ ಕಟ್ಟುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸ್ ನಡೆಸುವವರಿಗೆ ಟೈಮ್‌ಟೇಬಲ್ ತಲೆನೋವು ಚೆನ್ನಾಗಿ ಗೊತ್ತು. ಎರಡು ಬ್ಯಾಚಿನಲ್ಲಿ ಒಬ್ಬನೇ ಒಬ್ಬ ಹುಡುಗ ಇದ್ದರೂ ಮುಗೀತು, ಆ ಎರಡನ್ನೂ ಒಂದೇ ಹೊತ್ತಿಗೆ ಇಡೋ ಹಾಗಿಲ್ಲ. ಬ್ಯಾಚಿಗೊಂದು ಚುಕ್ಕಿ ಇಡಿ. ಕ್ಲ್ಯಾಶ್ ಆಗುವ ಎರಡು ಚುಕ್ಕಿಗಳಿಗೆ ಗೆರೆ ಎಳೆಯಿರಿ. ಇಂಥ ಚುಕ್ಕಿ ಗೆರೆಗಳ ಚಿತ್ರವೇ ಗ್ರಾಫ್. ಹೊತ್ತಿಗೊಂದು ಬಣ್ಣ ಅಂದುಕೊಳ್ಳಿ. ಗೆರೆಯ ಎರಡು ತುದಿಗೆ ಒಂದೇ ಬಣ್ಣ ಬರಬಾರದು, ಇಷ್ಟೇ ನಿಯಮ. ಕಡಿಮೆ ಅಂದರೆ ಎಷ್ಟು ಬಣ್ಣ ಬೇಕೋ ಅದು ಆ ಗ್ರಾಫಿನ ಕ್ರೊಮ್ಯಾಟಿಕ್ ನಂಬರ್.

ಮೂರು ಬ್ಯಾಚು ಒಂದಕ್ಕೊಂದು ಕ್ಲ್ಯಾಶ್ ಆದರೆ ತ್ರಿಕೋನ ಬರುತ್ತದೆ, ಆಗ ಮೂರು ಹೊತ್ತು ಬೇಕೇ ಬೇಕು. ಇದು ಕಣ್ಣಿಗೆ ಕಾಣುವ ಕಾರಣ. ಹಾಗಾದರೆ ಎಲ್ಲೂ ತ್ರಿಕೋನ ಇಲ್ಲ ಅಂದರೆ ಎರಡು ಮೂರು ಬಣ್ಣದಲ್ಲಿ ಕೆಲಸ ಮುಗಿಯಬೇಕು, ಅಲ್ವಾ? ಇಲ್ಲ. ತ್ರಿಕೋನ ಒಂದೂ ಇಲ್ಲದೆ ಹತ್ತು ಬಣ್ಣ ಬೇಡುವ ಗ್ರಾಫನ್ನೂ ಕಟ್ಟಬಹುದು, ನೂರು ಬೇಡುವುದನ್ನೂ ಕಟ್ಟಬಹುದು. ಪೋಲೆಂಡಿನ ಗಣಿತಜ್ಞ ಯಾನ್ ಮಿಚೆಲ್‌ಸ್ಕಿ 1955ರಲ್ಲಿ ಕೊಟ್ಟ ದಾರಿ ಇದಕ್ಕಿರುವ ದಾರಿಗಳಲ್ಲಿ ನನಗೆ ಜಾಸ್ತಿ ಇಷ್ಟ, ಯಾಕಂದರೆ ಪೆನ್ಸಿಲು, ಹಾಳೆ ಮತ್ತು ನಾಲ್ಕು ಬಣ್ಣದ ಸ್ಕೆಚ್ ಪೆನ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು.

ನಿಯಮ ಇಷ್ಟು. ಕೈಯಲ್ಲಿ ಒಂದು ಗ್ರಾಫ್ ಇದೆ ಅಂದುಕೊಳ್ಳಿ. ಅದರ ಹಳೆಯ ಚುಕ್ಕಿಗಳನ್ನು ಹ1, ಹ2, ಹ3 ಅಂತ ಕರೆಯೋಣ. ಪ್ರತಿ ಹಳೆಯ ಚುಕ್ಕಿಗೂ ಒಂದು ನಕಲು ಮಾಡಿ: ನ1, ನ2, ನ3. ಆಮೇಲೆ ಹ1 ಯಾವ ಯಾವ ಹಳೆಯ ಚುಕ್ಕಿಗಳ ಜೊತೆ ಸೇರಿದೆಯೋ ಅವೇ ಹಳೆಯ ಚುಕ್ಕಿಗಳಿಗೆ ನ1ನ್ನೂ ಸೇರಿಸಿ. ಉಳಿದ ನಕಲುಗಳಿಗೂ ಹಾಗೇ. ಕೊನೆಗೆ ಇನ್ನೊಂದೇ ಒಂದು ಹೊಸ ಚುಕ್ಕಿ ಇಟ್ಟು ಅದರಿಂದ ಎಲ್ಲಾ ನಕಲುಗಳಿಗೂ ಗೆರೆ ಎಳೆಯಿರಿ. ಅದನ್ನು ಕಳಸ ಅನ್ನೋಣ. ಹಳೆಯ ಗೆರೆಗಳನ್ನು ಮುಟ್ಟಬೇಡಿ, ಅವು ಇದ್ದಲ್ಲೇ ಇರಲಿ.

ಇಲ್ಲಿ ಎರಡು ಕಡೆ ಕೈ ಜಾರುತ್ತದೆ. ನಕಲು ಅಂದಮೇಲೆ ಮೂಲದ ಜೊತೆ ಸೇರಿಸಬೇಕಲ್ಲ ಅಂತ ಅನಿಸಿ ನ1ಕ್ಕೂ ಹ1ಕ್ಕೂ ಗೆರೆ ಎಳೆದುಬಿಡುತ್ತಾರೆ. ಆಗ ಹ1 ಸೇರಿರುವ ಹ2ಕ್ಕೆ ನ1 ಕೂಡ ಸೇರಿರುವುದರಿಂದ ಹ1, ಹ2, ನ1 ತ್ರಿಕೋನ ಆಗಿ ಕೂರುತ್ತದೆ. ಇನ್ನೊಂದು, ಹ1 ಮತ್ತು ಹ2ರ ನಡುವೆ ಗೆರೆ ಇದೆ ಅಂತ ನ1 ಮತ್ತು ನ2ರ ನಡುವೆಯೂ ಎಳೆಯುವುದು. ಆಗ ಆ ಎರಡೂ ಕಳಸದ ಜೊತೆ ಸೇರಿ ತ್ರಿಕೋನ. ನಕಲು ತನ್ನ ಮೂಲಕ್ಕೂ ಅಂಟಬಾರದು, ಇನ್ನೊಂದು ನಕಲಿಗೂ ಅಂಟಬಾರದು. ಇದನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಂಡೇ ಶುರು ಮಾಡಿ.

ಎಲ್ಲಕ್ಕಿಂತ ಚಿಕ್ಕದರಿಂದ ಹೊರಡೋಣ. ಹ1, ಹ2, ನಡುವೆ ಒಂದು ಗೆರೆ. ಎರಡು ಬಣ್ಣ ಸಾಕು. ನ1 ಹೋಗಿ ಹ2ಕ್ಕೆ ಸೇರುತ್ತದೆ, ನ2 ಹೋಗಿ ಹ1ಕ್ಕೆ, ಕಳಸ ಎರಡೂ ನಕಲಿಗೆ. ಈಗ ಕಳಸದಿಂದ ನ1, ಅಲ್ಲಿಂದ ಹ2, ಹ1, ನ2, ಮತ್ತೆ ಕಳಸ ಅಂತ ಬೆರಳಿಟ್ಟು ನಡೆದು ನೋಡಿ, ಐದು ಚುಕ್ಕಿಯ ಉಂಗುರ ಸಿಗುತ್ತದೆ. ಬೆಸ ಸಂಖ್ಯೆಯ ಉಂಗುರಕ್ಕೆ ಎರಡು ಬಣ್ಣ ಸಾಲುವುದಿಲ್ಲ: ಕೆಂಪು, ಹಳದಿ, ಕೆಂಪು, ಹಳದಿ ಅಂತ ಹೋದರೆ ಐದನೆಯದರ ಒಂದು ಪಕ್ಕ ಹಳದಿ, ಇನ್ನೊಂದು ಪಕ್ಕ ಕೆಂಪು. ಮೂರನೆಯ ಬಣ್ಣ ಬೇಕಾಯಿತು.

ಈಗ ನಿಜವಾದ ಕೆಲಸ. ಈ ಐದರ ಉಂಗುರಕ್ಕೇ ಹ1ರಿಂದ ಹ5 ಅಂತ ಹೊಸದಾಗಿ ಹೆಸರು ಕೊಟ್ಟು ಇನ್ನೊಂದು ಸುತ್ತು ಮಾಡೋಣ. ಹಾಳೆಯಲ್ಲಿ ದೊಡ್ಡದಾಗಿ ಐದು ಮೂಲೆಯ ಆಕಾರ ಬರೆಯಿರಿ. ಪ್ರತಿ ಮೂಲೆಯ ಒಳಬದಿಗೆ ಅದರ ನಕಲು, ನಟ್ಟನಡುವೆ ಕಳಸ. ಆಮೇಲೆ ಈ ಗೆರೆಗಳು: ನ1ರಿಂದ ಹ2 ಮತ್ತು ಹ5ಕ್ಕೆ, ನ2ರಿಂದ ಹ1 ಮತ್ತು ಹ3ಕ್ಕೆ, ನ3ರಿಂದ ಹ2 ಮತ್ತು ಹ4ಕ್ಕೆ, ನ4ರಿಂದ ಹ3 ಮತ್ತು ಹ5ಕ್ಕೆ, ನ5ರಿಂದ ಹ4 ಮತ್ತು ಹ1ಕ್ಕೆ. ಕಳಸದಿಂದ ಐದೂ ನಕಲಿಗೆ. ಗೆರೆ ಒಂದರ ಮೇಲೊಂದು ಹಾಯುತ್ತವೆ. ಹಾಯದ ಹಾಗೆ ಬರೆಯೋಣ ಅಂತ ಒದ್ದಾಡಬೇಡಿ, ಅದು ಆಗೋದೇ ಇಲ್ಲ. ಗೆರೆ ಹಾಯದೆ ಹಾಳೆ ಮೇಲೆ ಬರೆಯಬಹುದಾದ, ತ್ರಿಕೋನ ಇಲ್ಲದ ಯಾವ ಗ್ರಾಫಿಗೂ ಮೂರು ಬಣ್ಣ ಸಾಕು ಅಂತ ಜರ್ಮನಿಯ ಹರ್ಬರ್ಟ್ ಗ್ರೋಟ್ಶ್ 1959ರಲ್ಲಿ ಸಾಧಿಸಿದ್ದಾರೆ. ನಮ್ಮದು ನಾಲ್ಕು ಬೇಡುವ ಗ್ರಾಫ್. ಇದರ ಹೆಸರೂ ಗ್ರೋಟ್ಶ್ ಗ್ರಾಫ್ ಅಂತಲೇ.

ಬಣ್ಣ ಹಚ್ಚುವ ಮೊದಲು ಎಣಿಸಿ. ಚುಕ್ಕಿ 11, ಗೆರೆ 20 ಇರಬೇಕು. ಪ್ರತಿ ಹಳೆಯ ಚುಕ್ಕಿಯಿಂದ 4 ಗೆರೆ, ಪ್ರತಿ ನಕಲಿನಿಂದ 3, ಕಳಸದಿಂದ 5. ಒಂದು ಕಡೆ ಲೆಕ್ಕ ತಪ್ಪಿದರೂ ಬಣ್ಣ ಹಚ್ಚಬೇಡಿ. ಉದಾಹರಣೆಗೆ ನ5ರಿಂದ ಹ4ಕ್ಕೆ ಹೋಗುವ ಗೆರೆ ಬಿಟ್ಟುಹೋಗಿದೆ ಅನ್ನಿ. ಆಗ ಹ1 ಕೆಂಪು, ಹ2 ಹಳದಿ, ಹ3 ಕೆಂಪು, ಹ4 ಹಳದಿ, ಹ5 ನೀಲಿ, ನ1 ಕೆಂಪು, ನ2 ಹಳದಿ, ನ3 ಕೆಂಪು, ನ4 ಹಳದಿ, ನ5 ಹಳದಿ, ಕಳಸ ನೀಲಿ ಅಂತ ಮೂರೇ ಬಣ್ಣದಲ್ಲಿ ಕೆಲಸ ಆಗಿಬಿಡುತ್ತದೆ. ಈ ಒಂದು ಗೆರೆ ಅಂತಲ್ಲ, 20ರಲ್ಲಿ ಯಾವುದನ್ನು ತೆಗೆದರೂ ಮೂರು ಬಣ್ಣ ಸಾಕಾಗುತ್ತದೆ. ಹಾಗಾಗಿ ಮೂರು ಬಣ್ಣದಲ್ಲಿ ಮುಗಿಯಿತು ಅಂತ ಖುಷಿಯಾದರೆ ಮೊದಲು ಗೆರೆ ಎಣಿಸಿ.

ತ್ರಿಕೋನ ಬರಲಿಲ್ಲ ಅಂತ ಹೇಗೆ ನಂಬೋದು? ಕಳಸ ನಕಲುಗಳಿಗೆ ಮಾತ್ರ ಸೇರಿದೆ, ನಕಲುಗಳು ತಮ್ಮತಮ್ಮಲ್ಲಿ ಸೇರಿಲ್ಲ, ಆದ್ದರಿಂದ ಕಳಸ ಇರುವ ತ್ರಿಕೋನ ಇಲ್ಲ. ಎರಡು ನಕಲು ಇರುವ ತ್ರಿಕೋನವೂ ಇಲ್ಲ. ಉಳಿದದ್ದು ಒಂದು ನಕಲು, ಎರಡು ಹಳೆಯ ಚುಕ್ಕಿ. ನ1 ಎರಡು ಹಳೆಯ ಚುಕ್ಕಿಗಳ ಜೊತೆ ತ್ರಿಕೋನ ಮಾಡಿದರೆ, ಅವೆರಡೂ ಹ1ಕ್ಕೂ ಸೇರಿರುತ್ತವೆ, ಅಂದರೆ ಹಳೆಯ ಗ್ರಾಫಿನಲ್ಲೇ ತ್ರಿಕೋನ ಇತ್ತು ಅಂತಾಯಿತು. ಇರಲಿಲ್ಲವಲ್ಲ.

ನಾಲ್ಕು ಬಣ್ಣ ಸಾಕು ಅನ್ನುವುದು ಸುಲಭ: ನಕಲಿಗೆ ಅದರ ಮೂಲದ ಬಣ್ಣವನ್ನೇ ಕೊಡಿ, ಕಳಸಕ್ಕೆ ಹೊಸದಾಗಿ ಹಸಿರು. ಮೂರು ಸಾಲುವುದಿಲ್ಲ ಅನ್ನುವುದೇ ಇಡೀ ವಿಷಯದ ತಿರುಳು, ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಯಾರೋ ಕೆಂಪು, ಹಳದಿ, ನೀಲಿ ಮೂರರಲ್ಲೇ ಹಚ್ಚಿ ತಂದರು ಅಂದುಕೊಳ್ಳಿ. ಕಳಸಕ್ಕೆ ಯಾವುದೋ ಒಂದು ಬಣ್ಣ ಇದೆ, ಅದು ನೀಲಿ ಅಂತಿರಲಿ. ಎಲ್ಲಾ ನಕಲುಗಳೂ ಕಳಸಕ್ಕೆ ಸೇರಿರುವುದರಿಂದ ಒಂದು ನಕಲೂ ನೀಲಿ ಅಲ್ಲ, ಎಲ್ಲವೂ ಕೆಂಪು ಇಲ್ಲವೇ ಹಳದಿ. ಈಗ ಹಳೆಯ ಚುಕ್ಕಿಗಳಲ್ಲಿ ನೀಲಿ ಯಾವುದಿದೆ ನೋಡಿ, ಹ5 ಅನ್ನಿ. ಅದರ ನೀಲಿ ಅಳಿಸಿ ನ5ರ ಬಣ್ಣ ಹಚ್ಚಿ. ಗಲಾಟೆ ಆಗುತ್ತದಾ? ಹ5ರ ಹಳೆಯ ಜೊತೆಗಾರರು ಹ1 ಮತ್ತು ಹ4. ಅವೇ ನ5ಕ್ಕೂ ಸೇರಿವೆ, ಅವುಗಳ ಬಣ್ಣ ಮೊದಲೇ ನ5ಕ್ಕಿಂತ ಬೇರೆ ಇತ್ತು. ಹಾಗಾಗಿ ಹ5ಕ್ಕೆ ಆ ಬಣ್ಣ ಆರಾಮಾಗಿ ಹೊಂದುತ್ತದೆ. ಇನ್ನೊಂದು ನೀಲಿ ಚುಕ್ಕಿ ಇದ್ದರೂ ಇದೇ ಕೆಲಸ; ಎರಡು ನೀಲಿಗಳ ನಡುವೆ ಗೆರೆ ಇರುವುದಿಲ್ಲ, ಆದ್ದರಿಂದ ಒಂದರ ಬದಲಾವಣೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಎಲ್ಲಾ ನೀಲಿ ಹೋದ ಮೇಲೆ ಹಳೆಯ ಐದರ ಉಂಗುರ ಬರೀ ಕೆಂಪು ಮತ್ತು ಹಳದಿಯಲ್ಲಿ ನಿಂತಿದೆ. ಅದು ಆಗದ ಮಾತು ಅಂತ ಮೊದಲೇ ನೋಡಿದ್ದೇವೆ.

ಈ ವಾದದಲ್ಲಿ ಐದಕ್ಕಾಗಲಿ ಮೂರಕ್ಕಾಗಲಿ ವಿಶೇಷ ಏನೂ ಇಲ್ಲ. ಯಾವ ಗ್ರಾಫ್ ಹಿಡಿದರೂ ಒಂದು ಸುತ್ತಿಗೆ ಸರಿಯಾಗಿ ಒಂದು ಬಣ್ಣ ಏರುತ್ತದೆ.

ಇದನ್ನು ಬಿ.ಎಸ್ಸಿ. ಹುಡುಗಿಯೊಬ್ಬಳಿಗೆ ಹೇಳುವಾಗ ಅವಳು ತಡೆದು ಕೇಳಿದಳು: "ಸರ್, ಕಳಸ ಯಾಕ ಬೇಕ್ರಿ? ಬರೇ ನಕಲು ಸಾಕಾಗೂದಿಲ್ಲೇನ್ರಿ?" ಒಳ್ಳೆಯ ಪ್ರಶ್ನೆ. ಕಳಸ ಇಲ್ಲದಿದ್ದರೆ ಪ್ರತಿ ನಕಲೂ ತನ್ನ ಮೂಲದ ಬಣ್ಣ ಹಚ್ಚಿಕೊಂಡು ಸುಮ್ನೆ ಕೂರುತ್ತದೆ, ಬಣ್ಣ ಒಂದೂ ಏರುವುದಿಲ್ಲ. ನಕಲುಗಳಿಂದ ಒಂದು ಬಣ್ಣ ಕಿತ್ತುಕೊಳ್ಳುವುದೇ ಕಳಸದ ಕೆಲಸ.

ಮುಂದಿನ ಸುತ್ತಿಗೆ ಹೋದರೆ ಚುಕ್ಕಿಗಳು ದುಪ್ಪಟ್ಟಾಗಿ ಮೇಲೊಂದು ಸೇರುತ್ತದೆ, ಗೆರೆ ಮೂರು ಪಟ್ಟಾಗಿ ಅದಕ್ಕೆ ಹಳೆಯ ಚುಕ್ಕಿಗಳಷ್ಟು ಕೂಡುತ್ತದೆ. ಐದು ಬಣ್ಣಕ್ಕೆ 23 ಚುಕ್ಕಿ, 71 ಗೆರೆ. ಆರಕ್ಕೆ 47 ಚುಕ್ಕಿ, 236 ಗೆರೆ. ಹತ್ತು ಬಣ್ಣಕ್ಕೆ 767 ಚುಕ್ಕಿ. 23ರದ್ದನ್ನು ಕೈಯಲ್ಲಿ ಬರೆದರೆ ಜೇಡರ ಬಲೆ ಆಗುತ್ತದೆ, ಅಲ್ಲಿಂದ ಮುಂದೆ ಕಂಪ್ಯೂಟರಿಗೇ ಬಿಡಿ. ಪೈಥಾನಿನಲ್ಲಿ ಇಷ್ಟು ಸಾಕು:

```
def double(n, E):
    F = list(E)
    for a, b in E:
        F += [(a, n + b), (n + a, b)]
    F += [(n + i, 2 * n) for i in range(n)]
    return 2 * n + 1, F
```

ಇಲ್ಲಿ `0`ರಿಂದ `n-1`ರವರೆಗೆ ಹಳೆಯ ಚುಕ್ಕಿಗಳು, `n`ರಿಂದ `2n-1`ರವರೆಗೆ ನಕಲುಗಳು, `2n` ಕಳಸ. `double(2, [(0, 1)])` ಅಂತ ಶುರು ಮಾಡಿ, ಬಂದ ಉತ್ತರವನ್ನೇ ಮತ್ತೆ ಮತ್ತೆ ಕೊಡುತ್ತಾ ಹೋಗಿ. ಮೂರನೇ ಸಲಕ್ಕೆ ಚುಕ್ಕಿ 23, ಗೆರೆಗಳ ಪಟ್ಟಿಯ ಉದ್ದ 71 ಬರಬೇಕು.

ಇದೇ ಎಲ್ಲಕ್ಕಿಂತ ಚಿಕ್ಕ ದಾರಿಯಾ? ನಾಲ್ಕು ಬಣ್ಣದ ಮಟ್ಟಿಗೆ ಹೌದು: ತ್ರಿಕೋನ ಇಲ್ಲದೆ ನಾಲ್ಕು ಬಣ್ಣ ಬೇಡುವ ಗ್ರಾಫ್ 11 ಚುಕ್ಕಿಗಿಂತ ಕಡಿಮೆಯಲ್ಲಿ ಆಗುವುದಿಲ್ಲ, 11ರಲ್ಲಿ ಇದೊಂದೇ ಇದೆ ಅಂತ ವಾಶೆಕ್ ಹ್ವಾಟಲ್ 1974ರಲ್ಲಿ ತೋರಿಸಿದರು. ಐದಕ್ಕೆ ಬಂದಾಗ ಕೂದಲೆಳೆಯಷ್ಟು ತಪ್ಪುತ್ತದೆ, 22 ಚುಕ್ಕಿಯಲ್ಲೇ ಆಗುತ್ತದೆ, ನಮ್ಮದು 23.

ದೊಡ್ಡ ಕೊರತೆ ಬೇರೆ ಇದೆ. ತ್ರಿಕೋನ ಇಲ್ಲ ನಿಜ, ಆದರೆ ನಾಲ್ಕು ಚುಕ್ಕಿಯ ಉಂಗುರ ಬೇಕಾದಷ್ಟು. ಹ1, ಹ2, ನ1, ಹ5, ಮತ್ತೆ ಹ1 ಅಂತ ನಡೆದು ನೋಡಿ. ಹ1ಕ್ಕೂ ನ1ಕ್ಕೂ ಒಂದೇ ಜೊತೆಗಾರರು ಅಂದಮೇಲೆ ಇದು ತಪ್ಪಿದ್ದಲ್ಲ, ನಕಲು ಮಾಡುವ ದಾರಿಗೇ ಅಂಟಿಕೊಂಡ ಗುಣ ಅದು. ನಾಲ್ಕರ, ಐದರ, ಆರರ ಉಂಗುರವೂ ಇರಬಾರದು, ಬಣ್ಣ ಮಾತ್ರ ಏರಬೇಕು ಅಂದರೆ ಈ ದಾರಿ ನಡೆಯುವುದಿಲ್ಲ. ಅಂಥ ಗ್ರಾಫ್ ಇದ್ದೇ ಇದೆ ಅಂತ ಪಾಲ್ ಎರ್ಡೋಶ್ 1959ರಲ್ಲಿ ಸಾಧಿಸಿದರು. ಆದರೆ ಒಂದನ್ನೂ ಬರೆದು ತೋರಿಸಲಿಲ್ಲ. ಗೆರೆಗಳನ್ನು ಚೀಟಿ ಎತ್ತಿದ ಹಾಗೆ ಎಳೆದು, ಉಳಿಯುವ ಚಿಕ್ಕ ಉಂಗುರಗಳಿಂದ ಒಂದೊಂದು ಚುಕ್ಕಿ ಕಿತ್ತು ಹಾಕಿದರೂ ಸಾಕಷ್ಟು ಬಣ್ಣ ಬೇಕಾಗುವ ಗ್ರಾಫ್ ಉಳಿಯುವ ಸಾಧ್ಯತೆ ಸೊನ್ನೆಗಿಂತ ಜಾಸ್ತಿ ಅಂತ ಲೆಕ್ಕ ಹಾಕಿ ತೋರಿಸಿದರು, ಅಷ್ಟೇ.